ಅನುಸಮರ್ಥನೆ (ಏಜೆನ್ಸಿ ಕಾನೂನು)

ಅನುಸಮರ್ಥನೆ ಎಂದರೆ ಒಬ್ಬ ವ್ಯಕ್ತಿಯ ಪರವಾಗಿ, ಆದರೆ ಅವನ ಅನುಮತಿಯಿಲ್ಲದೆ ಅಥವಾ ಅವನಿಗೆ ತಿಳಿಯದೆ, ಮತ್ತೊಬ್ಬನು ಮಾಡಿದ ಕಾರ್ಯವನ್ನು ಆ ವ್ಯಕ್ತಿಯು ನಂತರ ತನ್ನದೆಂದು ಒಪ್ಪಿಕೊಳ್ಳುವುದು. ಯಾರ ಪರವಾಗಿ ಕಾರ್ಯ ನಡೆಯುತ್ತದೆಯೋ ಅವನನ್ನು ಯಜಮಾನನೆಂದೂ, ಕಾರ್ಯ ನಡೆಸುವವನನ್ನು ಏಜೆಂಟನೆಂದೂ, ಅವನೊಡನೆ ವ್ಯವಹರಿಸುವವನನ್ನು ಮೂರನೆಯ ಪಕ್ಷವೆಂದೂ ಕರೆಯಲಾಗುತ್ತದೆ. ಭಾರತದಲ್ಲಿ ಈ ಸಂಬಂಧವನ್ನು ಭಾರತೀಯ ಕರಾರು ಅಧಿನಿಯಮ, 1872ರ ಹತ್ತನೆಯ ಅಧ್ಯಾಯ, ಅಂದರೆ 182ರಿಂದ 238ರವರೆಗಿನ ಕಲಂಗಳು ನಿಯಂತ್ರಿಸುತ್ತವೆ. ಅನುಸಮರ್ಥನೆಗೆ ಸಂಬಂಧಿಸಿದವು 196ರಿಂದ 200ರವರೆಗಿನ ಐದು ಕಲಂಗಳು.

ಏಜೆಂಟನು ಮಿತಿ ಮೀರಿದನೆಂಬ ದೂರು ಬಂದಾಗಲೆಲ್ಲ ಅನುಸಮರ್ಥನೆಯ ಪ್ರಶ್ನೆ ಏಳುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಮೊದಲು ಕೇಳಬೇಕಾದದ್ದು ಏಜೆಂಟನಿಗೆ ಅಧಿಕಾರವಿತ್ತೇ ಎಂಬುದನ್ನು, ಇಲ್ಲದಿದ್ದರೆ ಇತ್ತೆಂದು ಮೂರನೆಯ ಪಕ್ಷವು ನಂಬುವಂತೆ ಯಜಮಾನನೇ ನಡೆದುಕೊಂಡಿದ್ದನೇ ಎಂಬುದನ್ನು. ಇವೆರಡಕ್ಕೂ ಇಲ್ಲ ಎಂಬ ಉತ್ತರ ಬಂದ ಮೇಲೆಯೇ ಯಜಮಾನನಿಗೆ ಒಪ್ಪುವ ಅಥವಾ ತಿರಸ್ಕರಿಸುವ ಆಯ್ಕೆ ಉಳಿಯುತ್ತದೆ. ಕೆಳಗಿನ ವಿವರಣೆಯು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಒಂದು ಕಲ್ಪಿತ ಖರೀದಿಯನ್ನು ಆಧರಿಸಿದೆ. ಅದರಲ್ಲಿ ಬರುವ ಬೆಲೆ ಮತ್ತು ತೂಕಗಳು ಲೆಕ್ಕದ ಅನುಕೂಲಕ್ಕಾಗಿ ಕೊಟ್ಟವು.

## ಮೂಲ ಸಂದರ್ಭ

ಶಿಡ್ಲಘಟ್ಟವು ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೆಸರಾದ ಪಟ್ಟಣ. ಕರ್ನಾಟಕದಲ್ಲಿ ರೇಷ್ಮೆ ಗೂಡಿನ ಮಾರಾಟವನ್ನು 1959ರ ರಾಜ್ಯ ಕಾಯ್ದೆಯೊಂದು ನಿಯಂತ್ರಿಸುತ್ತದೆ. ರೈತರು ತಂದ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಲಾಟುಗಳಾಗಿ ಹರಾಜಾಗುತ್ತದೆ, ಪರವಾನಗಿ ಪಡೆದ ರೀಲರುಗಳು ಬಿಡ್ ಮಾಡಿ ಕೊಳ್ಳುತ್ತಾರೆ. ರೀಲರನು ಪ್ರತಿದಿನವೂ ತಾನೇ ಮಾರುಕಟ್ಟೆಗೆ ಬರಲಾಗುವುದಿಲ್ಲ. ನೂಲು ತೆಗೆಯುವ ಘಟಕದಲ್ಲಿ ಕೆಲಸಗಾರರನ್ನು ನೋಡಿಕೊಳ್ಳಬೇಕು, ನೂಲು ಮಾರಲು ಬೆಂಗಳೂರಿಗೆ ಹೋಗಬೇಕು. ಆಗ ಮಗನೋ ತಮ್ಮನೋ ಗುಮಾಸ್ತನೋ ಅವನ ಪರವಾಗಿ ಗೂಡು ನೋಡಿ ಬೆಲೆ ಕಟ್ಟುತ್ತಾನೆ. ಕಾನೂನಿನ ಕಣ್ಣಿನಲ್ಲಿ ಇದು ಏಜೆನ್ಸಿ. ಇದಕ್ಕೆ ಬರಹದ ಪತ್ರ ಬೇಕಿಲ್ಲ, ಸಂಬಳವೂ ಬೇಕಿಲ್ಲ. ಏಜೆನ್ಸಿ ಹುಟ್ಟಲು ಪ್ರತಿಫಲದ ಅಗತ್ಯವಿಲ್ಲವೆಂದು 185ನೆಯ ಕಲಂ ಹೇಳುತ್ತದೆ.

ಒಬ್ಬ ರೀಲರನು ತನ್ನ ಗುಮಾಸ್ತನಿಗೆ, ಮಿಶ್ರತಳಿ ಗೂಡನ್ನು ಕೆ.ಜಿ.ಗೆ 500 ರೂ. ಮೀರದಂತೆ ಕೊಳ್ಳಬೇಕೆಂದು ಹೇಳಿ ಕಳುಹಿಸುತ್ತಾನೆ. ಚಿಂತಾಮಣಿ ಕಡೆಯ ರೈತನೊಬ್ಬನ 80 ಕೆ.ಜಿ. ಲಾಟು ಗುಮಾಸ್ತನಿಗೆ ಹಿಡಿಸುತ್ತದೆ. ಪೈಪೋಟಿ ಏರಿ ಅವನು ರೀಲರನ ಹೆಸರಿನಲ್ಲಿ 540 ರೂ.ಗೆ ಬಿಡ್ ಮಾಡುತ್ತಾನೆ, ರೈತ ಒಪ್ಪುತ್ತಾನೆ. ಒಟ್ಟು ಬೆಲೆ 43,200 ರೂ. ರೀಲರನು ಹೇಳಿದ ಮಿತಿಯಲ್ಲಿ ಅದು 40,000 ರೂ. ಆಗಬೇಕಿತ್ತು. ಉಳಿದ 3,200 ರೂಪಾಯಿಯ ಹೊಣೆ ಯಾರದು?

## ಅಧಿಕಾರದ ಪ್ರಶ್ನೆ

ಅಧಿಕಾರವು ವ್ಯಕ್ತವಾಗಿರಬಹುದು ಅಥವಾ ಸೂಚಿತವಾಗಿರಬಹುದು. ಬಾಯಿಮಾತಿನಿಂದ ಅಥವಾ ಬರಹದಿಂದ ಕೊಟ್ಟದ್ದು ವ್ಯಕ್ತ ಅಧಿಕಾರ. ಸಂದರ್ಭದಿಂದ, ರೂಢಿಯ ವ್ಯವಹಾರದಿಂದ ಊಹಿಸಬೇಕಾದದ್ದು ಸೂಚಿತ ಅಧಿಕಾರ. 187ನೆಯ ಕಲಮಿನ ಉದಾಹರಣೆ ಪ್ರಸಿದ್ಧವಾದದ್ದು: ಕಲ್ಕತ್ತೆಯಲ್ಲಿ ವಾಸಿಸುವವನೊಬ್ಬನ ಅಂಗಡಿ ಸೆರಾಂಪುರದಲ್ಲಿದೆ, ಅಂಗಡಿ ನೋಡಿಕೊಳ್ಳುವವನು ಮಾಲೀಕನ ಹೆಸರಿನಲ್ಲಿ ಸರಕು ತರಿಸಿ, ಮಾಲೀಕನಿಗೆ ತಿಳಿದಂತೆಯೇ ಅವನ ಹಣದಿಂದ ಬೆಲೆ ತೀರಿಸುತ್ತ ಬಂದಿದ್ದಾನೆ. ಅವನಿಗೆ ಸರಕು ತರಿಸುವ ಸೂಚಿತ ಅಧಿಕಾರವಿದೆ. ವರ್ಷಗಟ್ಟಲೆ ಮಾರುಕಟ್ಟೆಗೆ ಬರುವ ಗುಮಾಸ್ತನ ಸ್ಥಿತಿಯೂ ಇದೇ.

ಆದರೆ ಇಲ್ಲಿ 500 ರೂ. ಎಂಬ ಸ್ಪಷ್ಟ ಮಿತಿಯಿದೆ. ಸೂಚಿತ ಅಧಿಕಾರವು ಯಜಮಾನನ ನೇರ ಅಪ್ಪಣೆಯನ್ನು ಮೀರಲಾರದು. ಆದ್ದರಿಂದ ರೀಲರ್ ಮತ್ತು ಗುಮಾಸ್ತರ ನಡುವೆ ನೋಡಿದರೆ ಗುಮಾಸ್ತನಿಗೆ 540 ರೂ. ಕೂಗುವ ಅಧಿಕಾರವಿರಲಿಲ್ಲ.

ರೈತನ ಕಡೆಯಿಂದ ನೋಡಿದರೆ ಉತ್ತರ ಬದಲಾಗುತ್ತದೆ. ರೀಲರನು ಮನೆಯಲ್ಲಿ ಹೇಳಿದ ಮಿತಿ ರೈತನಿಗೆ ತಿಳಿದಿಲ್ಲ, ತಿಳಿಯುವ ದಾರಿಯೂ ಇಲ್ಲ. ಅವನು ಕಂಡಿರುವುದು ಇಷ್ಟೇ: ಈ ಗುಮಾಸ್ತ ಆ ರೀಲರನಿಗಾಗಿ ಲಾಟು ಹಿಡಿಯುತ್ತಾನೆ, ರೀಲರನು ಹಣ ಕೊಡುತ್ತಾನೆ. ಏಜೆಂಟನ ಕಾರ್ಯ ಅವನ ಅಧಿಕಾರದೊಳಗಿದೆಯೆಂದು ಮೂರನೆಯ ಪಕ್ಷವು ನಂಬುವಂತೆ ಯಜಮಾನನು ತನ್ನ ಮಾತಿನಿಂದ ಅಥವಾ ನಡವಳಿಕೆಯಿಂದ ಮಾಡಿದ್ದರೆ, ಅಧಿಕಾರವಿಲ್ಲದೆ ನಡೆದ ಕಾರ್ಯಕ್ಕೂ ಅವನು ಬದ್ಧನೆಂದು 237ನೆಯ ಕಲಂ ಹೇಳುತ್ತದೆ. ಇದನ್ನು ತೋರಿಕೆಯ ಅಧಿಕಾರ ಎನ್ನುತ್ತಾರೆ. ನಿಗದಿತ ಬೆಲೆಗಿಂತ ಕಡಿಮೆಗೆ ಮಾರಕೂಡದೆಂಬ ಸೂಚನೆಯೊಡನೆ ಮಾಲು ಒಪ್ಪಿಸಿದ ಯಜಮಾನನು, ಆ ಸೂಚನೆ ತಿಳಿಯದೆ ಕಡಿಮೆ ಬೆಲೆಗೆ ಕೊಂಡವನೊಡನೆ ಆದ ಕರಾರಿಗೆ ಬದ್ಧನೆಂಬ ಉದಾಹರಣೆ ಈ ಕಲಮಿನ ಕೆಳಗೇ ಇದೆ.

ಹೀಗಾಗಿ ಮೂಲ ಸಂದರ್ಭದಲ್ಲಿ ರೀಲರನು 43,200 ರೂ. ಕೊಡಲೇಬೇಕು. 'ನಾನು ಇದನ್ನು ಒಪ್ಪಿಲ್ಲ' ಎಂಬ ಅವನ ಮಾತಿಗೆ ರೈತನ ಎದುರು ಬೆಲೆಯಿಲ್ಲ, ಏಕೆಂದರೆ ಅನುಸಮರ್ಥನೆಯ ಹಂತಕ್ಕೆ ವಿಷಯ ಬಂದೇ ಇಲ್ಲ. ಅವನಿಗಿರುವ ಪರಿಹಾರ ಗುಮಾಸ್ತನ ಮೇಲೆ. ಯಜಮಾನನ ನಿರ್ದೇಶನದಂತೆ ನಡೆಯದೆ ನಷ್ಟ ಮಾಡಿದ ಏಜೆಂಟನು ಅದನ್ನು ತುಂಬಿಕೊಡಬೇಕೆಂದು 211ನೆಯ ಕಲಂ ವಿಧಿಸುತ್ತದೆ. ಆದರೆ ರೀಲರನು ಎಲ್ಲವನ್ನೂ ತಿಳಿದು 'ಆಯಿತು ಬಿಡು, ಗೂಡು ಚೆನ್ನಾಗಿದೆ' ಎಂದು ಖರೀದಿಯನ್ನು ಒಪ್ಪಿಬಿಟ್ಟರೆ, ನಂತರ ಗುಮಾಸ್ತನ ಸಂಬಳದಲ್ಲಿ 3,200 ರೂ. ಹಿಡಿಯಲು ಸಾಮಾನ್ಯವಾಗಿ ಆಸ್ಪದವಿರುವುದಿಲ್ಲ.

ರೈತನಿಗೆ ಮಿತಿ ಮೊದಲೇ ತಿಳಿದಿದ್ದರೆ ತೋರಿಕೆಯ ಅಧಿಕಾರದ ಆಶ್ರಯ ಅವನಿಗೆ ಸಿಗದು. 'ನಮ್ಮ ಸಾಹುಕಾರರು ಐನೂರಕ್ಕಿಂತ ಮೇಲೆ ಹೋಗಬೇಡ ಎಂದಿದ್ದಾರೆ' ಎಂದು ಗುಮಾಸ್ತ ಅವನೆದುರು ಒಮ್ಮೆ ಬಾಯಿಬಿಟ್ಟಿದ್ದರೂ ಸಾಕು.

## ಅಧಿಕಾರವೇ ಇಲ್ಲದಾಗ

ಈಗ ಸಂದರ್ಭವನ್ನು ಬದಲಿಸೋಣ. ರೀಲರನು ಊರಿನಲ್ಲಿಲ್ಲ. ಎಂದೂ ಅವನ ಪರವಾಗಿ ಮಾರುಕಟ್ಟೆಗೆ ಬಾರದ ಅಕ್ಕನ ಮಗನು, ಮಾವನಿಗೆ ಉಪಕಾರವಾಗಲೆಂದು ಅವನ ಹೆಸರು ಹೇಳಿ ಅದೇ ಲಾಟನ್ನು ಅದೇ 540 ರೂ.ಗೆ ಹಿಡಿಯುತ್ತಾನೆ. ಇಲ್ಲಿ ರೀಲರನು ಅಧಿಕಾರ ಕೊಟ್ಟಿಲ್ಲ, ಯಾರನ್ನೂ ನಂಬಿಸಿಯೂ ಇಲ್ಲ. 196ನೆಯ ಕಲಮಿನ ಕೆಳಗೆ ಅವನಿಗೆ ಎರಡೇ ದಾರಿ: ಖರೀದಿಯನ್ನು ಒಪ್ಪಬಹುದು, ಇಲ್ಲವೇ ನಿರಾಕರಿಸಬಹುದು. ಒಪ್ಪಿದರೆ, ತಾನೇ ಮುಂಚಿತವಾಗಿ ಅಪ್ಪಣೆ ಕೊಟ್ಟು ಮಾಡಿಸಿದ್ದರೆ ಯಾವ ಪರಿಣಾಮ ಆಗುತ್ತಿತ್ತೋ ಅದೇ ಆಗುತ್ತದೆ. ಕರಾರು ಖರೀದಿ ನಡೆದ ದಿನದಿಂದಲೇ ಅವನದಾಗುತ್ತದೆ, ಒಪ್ಪಿದ ದಿನದಿಂದಲ್ಲ.

ನಿರಾಕರಿಸಿದರೆ ರೈತನು ಬರಿಗೈಯಲ್ಲಿ ಹೋಗಬೇಕಿಲ್ಲ. ತಾನು ಇಂಥವನ ಏಜೆಂಟನೆಂದು ಸುಳ್ಳಾಗಿ ಹೇಳಿಕೊಂಡು ಮತ್ತೊಬ್ಬನನ್ನು ವ್ಯವಹಾರಕ್ಕೆ ಇಳಿಸಿದವನು, ಹೇಳಿದ ಯಜಮಾನನು ಒಪ್ಪದಿದ್ದರೆ, ಅದರಿಂದಾದ ನಷ್ಟವನ್ನು ಕಟ್ಟಿಕೊಡಬೇಕು. ಇದು 235ನೆಯ ಕಲಂ. ಆ ಲಾಟು ಮರುಹರಾಜಿನಲ್ಲಿ 490 ರೂ.ಗೆ ಹೋಯಿತೆಂದುಕೊಂಡರೆ ಕೆ.ಜಿ.ಗೆ 50 ರೂ.ನಂತೆ 80 ಕೆ.ಜಿ.ಗೆ 4,000 ರೂ. ನಷ್ಟ. ಅದನ್ನು ಅಕ್ಕನ ಮಗನು ತುಂಬಬೇಕು. ತಾನು ಒಳ್ಳೆಯ ಉದ್ದೇಶದಿಂದ ಮಾಡಿದೆನೆಂಬುದು ರೈತನಿಗೆ ಕೊಡುವ ಉತ್ತರವಾಗುವುದಿಲ್ಲ.

### ನಡವಳಿಕೆಯಿಂದ ಒಪ್ಪಿಗೆ

ಅನುಸಮರ್ಥನೆಯನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ನಡವಳಿಕೆಯಲ್ಲೂ ಅದು ಅಡಗಿರಬಹುದೆಂದು 197ನೆಯ ಕಲಂ ಹೇಳುತ್ತದೆ. ಅಧಿಕಾರವಿಲ್ಲದೆ ತನಗಾಗಿ ಕೊಂಡ ಸರಕನ್ನು ಯಜಮಾನನು ತನ್ನ ಲೆಕ್ಕದಲ್ಲೇ ಮತ್ತೊಬ್ಬನಿಗೆ ಮಾರಿದರೆ ಅವನು ಖರೀದಿಯನ್ನು ಒಪ್ಪಿದಂತೆ. ರೀಲರನ ವಿಷಯದಲ್ಲಿ ಈ ಗಳಿಗೆ ಬಹಳ ಬೇಗ ಬರುತ್ತದೆ. ಗೂಡನ್ನು ಬೇಯಿಸಿ ನೂಲು ತೆಗೆಯಲು ಬೇಸಿನ್ನಿಗೆ ಹಾಕಿದರೆ ಅವನು ಆ ಖರೀದಿಯ ಯಜಮಾನನಾದಂತೆಯೇ. 'ಬೆಲೆಗೆ ನನ್ನ ಒಪ್ಪಿಗೆಯಿಲ್ಲ' ಎಂದು ಹೇಳುತ್ತಲೇ ನೂಲು ಬಿಚ್ಚಿದರೂ ಫಲ ಅದೇ.

ಕಷ್ಟದ ಪ್ರಶ್ನೆ ಬರುವುದು ಗೂಡಿನ ಸ್ವಭಾವದಿಂದ. ಗೂಡಿನೊಳಗಿನ ಕೋಶವು ಜೀವಂತವಾಗಿರುತ್ತದೆ. ಬಿಸಿಗಾಳಿ ಅಥವಾ ಹಬೆಯಿಂದ ಅದನ್ನು ಕೊಲ್ಲದಿದ್ದರೆ ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಅಕ್ಕನ ಮಗ ತಂದು ಹಾಕಿದ ಗೂಡನ್ನು ರೀಲರನು ಕೆಡದಂತೆ ಉಳಿಸಲೆಂದು ಮಾತ್ರ ಹಬೆಗೆ ಒಡ್ಡಿ ಒಣಗಿಸಿಟ್ಟರೆ ಅದು ಒಪ್ಪಿಗೆಯೇ? ಹಾಗೆ ಮಾಡುವ ಮೊದಲು, ತಾನು ಖರೀದಿಯನ್ನು ಒಪ್ಪಿಲ್ಲ, ಗೂಡನ್ನು ರೈತನ ಲೆಕ್ಕಕ್ಕೆ ಉಳಿಸುತ್ತಿದ್ದೇನೆ ಎಂದು ರೈತನಿಗೂ ಮಾರುಕಟ್ಟೆಯ ಅಧಿಕಾರಿಗೂ ತಿಳಿಸಿದ್ದರೆ, ಕೇವಲ ರಕ್ಷಣೆಯನ್ನು ಅನುಸಮರ್ಥನೆಯೆನ್ನುವುದು ಕಷ್ಟ. ಏನೂ ತಿಳಿಸದೆ ಒಣಗಿಸಿ ತನ್ನ ಗೋದಾಮಿನಲ್ಲಿ ಸೇರಿಸಿಟ್ಟರೆ, ಬೆಲೆ ಏರಿದರೆ ಇಟ್ಟುಕೊಳ್ಳುವ, ಇಳಿದರೆ ಹಿಂದಿರುಗಿಸುವ ಹಂಚಿಕೆ ಅದೆಂದು ನ್ಯಾಯಾಲಯವು ಊಹಿಸಲು ಅವಕಾಶ ಕೊಟ್ಟಂತಾಗುತ್ತದೆ. ಮೌನವೇ ಯಾವಾಗಲೂ ಒಪ್ಪಿಗೆಯಲ್ಲ, ಆದರೆ ಮಾಲು ಕೈಯಲ್ಲಿರುವವನ ಮೌನವು ಬರಿಯ ಮೌನವಲ್ಲ.

### ಕಾಲಮಿತಿ

ಎಷ್ಟು ದಿನದೊಳಗೆ ಒಪ್ಪಬೇಕೆಂದು ಅಧಿನಿಯಮವು ಹೇಳಿಲ್ಲ. ಸಮಂಜಸವಾದ ಕಾಲದೊಳಗೆ ಎಂಬುದು ನ್ಯಾಯಾಲಯಗಳು ಅನುಸರಿಸಿದ ಅಳತೆ. ಇಂಗ್ಲೆಂಡಿನ ಮೆಟ್ರೊಪಾಲಿಟನ್ ಅಸೈಲಮ್ಸ್ ಬೋರ್ಡ್ ವಿರುದ್ಧ ಕಿಂಗ್‌ಹ್ಯಾಮ್ (1890) ಮೊಕದ್ದಮೆಯಲ್ಲಿ ವಿವಾದವಿದ್ದದ್ದು ಮೊಟ್ಟೆ ಸರಬರಾಜಿನ ಬಗ್ಗೆ. ಸೆಪ್ಟೆಂಬರ್ 30ರಿಂದ ಸರಬರಾಜು ಆರಂಭವಾಗಬೇಕಿತ್ತು, ಮಂಡಳಿಯು ಮುದ್ರೆಯೊತ್ತಿ ಒಪ್ಪಿದ್ದು ಅಕ್ಟೋಬರ್ 6ರಂದು. ಕರಾರು ಜಾರಿಗೆ ಬರಬೇಕಾದ ದಿನ ಕಳೆದ ಮೇಲಿನ ಆ ಒಪ್ಪಿಗೆ ತಡವಾಯಿತೆಂದು ತೀರ್ಮಾನವಾಯಿತು. ಭಾರತದ ನ್ಯಾಯಾಲಯಗಳಿಗೆ ಈ ತೀರ್ಪು ಬಂಧಕವಲ್ಲ, ಮಾರ್ಗದರ್ಶಕ ಮಾತ್ರ. ಆದರೂ ಗೂಡಿನಂಥ ಮಾಲಿಗೆ ಅದರ ತರ್ಕ ಚೆನ್ನಾಗಿ ಹೊಂದುತ್ತದೆ. ಒಂದು ಕಟ್ಟಡದ ಖರೀದಿಯಲ್ಲಿ ಹದಿನೈದು ದಿನ ಯೋಚಿಸುವುದು ಸಮಂಜಸವಾಗಬಹುದು, ಹಸಿ ಗೂಡಿನಲ್ಲಿ ಹದಿನೈದು ದಿನ ಕಳೆದರೆ ಒಪ್ಪಲು ಗೂಡೇ ಉಳಿದಿರುವುದಿಲ್ಲ.

ರೀಲರನು ಒಪ್ಪುವ ಮೊದಲೇ ರೈತನು ಹಿಂದೆ ಸರಿದರೆ ಏನು? ಬೋಲ್ಟನ್ ಪಾರ್ಟ್‌ನರ್ಸ್ ವಿರುದ್ಧ ಲ್ಯಾಂಬರ್ಟ್ (1889) ಮೊಕದ್ದಮೆಯ ಪ್ರಕಾರ ಅನುಸಮರ್ಥನೆಯು ಮೂಲ ದಿನಕ್ಕೆ ಹಿಂದಕ್ಕೆ ಹೋಗಿ ನಿಲ್ಲುವುದರಿಂದ ನಡುವಿನ ಹಿಂತೆಗೆತ ನಿಷ್ಫಲ. ಈ ನಿಯಮವು ಒಂದು ಪಕ್ಷವನ್ನು ಕಟ್ಟಿಹಾಕಿ ಇನ್ನೊಂದನ್ನು ಸ್ವತಂತ್ರವಾಗಿ ಬಿಡುತ್ತದೆಂದು ಬಹಳ ಟೀಕೆಗೆ ಗುರಿಯಾಗಿದೆ. ಅದಕ್ಕೊಂದು ಮಿತಿಯೂ ಇದೆ: ವ್ಯವಹಾರ ಮಾಡಿದವನು 'ಇದು ಮಾವನ ಒಪ್ಪಿಗೆಗೆ ಒಳಪಟ್ಟದ್ದು' ಎಂದು ಮೊದಲೇ ಹೇಳಿದ್ದರೆ ಅಲ್ಲಿ ಕರಾರೇ ಹುಟ್ಟಿರುವುದಿಲ್ಲ, ಒಪ್ಪಿಗೆ ಬರುವ ತನಕ ರೈತನು ಧಾರಾಳವಾಗಿ ಹಿಂದೆ ಸರಿಯಬಹುದು.

### ತಿಳಿದು ಒಪ್ಪಬೇಕು, ಪೂರ್ತಿ ಒಪ್ಪಬೇಕು

ಮುಖ್ಯ ಸಂಗತಿಗಳ ಅರಿವು ದೋಷಪೂರಿತವಾಗಿದ್ದವನ ಅನುಸಮರ್ಥನೆ ಊರ್ಜಿತವಲ್ಲ ಎಂಬುದು 198ನೆಯ ಕಲಂ. ಅಕ್ಕನ ಮಗನು ಫೋನಿನಲ್ಲಿ 'ಐನೂರಕ್ಕೆ ಹಿಡಿದೆ' ಎಂದು ಹೇಳಿ, ಮಾವನು 'ಸರಿ' ಎಂದಿದ್ದರೆ ಆ 'ಸರಿ'ಯು 540 ರೂ.ನ ಖರೀದಿಯನ್ನು ಕಟ್ಟುವುದಿಲ್ಲ. ಮಿಶ್ರತಳಿ ಗೂಡನ್ನು ದ್ವಿತಳಿ ಗೂಡೆಂದು ಹೇಳಿ ಪಡೆದ ಒಪ್ಪಿಗೆಯೂ ಹಾಗೆಯೇ, ಏಕೆಂದರೆ ಎರಡರಿಂದ ಬರುವ ನೂಲು ಬೇರೆ, ಬೆಲೆಯೂ ಬೇರೆ. ಆದರೆ ತಿಳಿದುಕೊಳ್ಳುವ ಅವಕಾಶವಿದ್ದೂ, 'ಎಷ್ಟಕ್ಕಾದರೂ ಇರಲಿ' ಎಂದು ಒಪ್ಪಿದವನು ನಂತರ ಅಜ್ಞಾನವನ್ನು ಮುಂದೊಡ್ಡಲಾರ.

ವ್ಯವಹಾರದ ಒಂದು ಭಾಗವನ್ನು ಒಪ್ಪಿದವನು ಇಡೀ ವ್ಯವಹಾರವನ್ನು ಒಪ್ಪಿದಂತೆ ಎಂದು 199ನೆಯ ಕಲಂ ಹೇಳುತ್ತದೆ. ಒಂದೇ ಮಾತಿನಲ್ಲಿ, ಒಂದೇ ಮೊತ್ತಕ್ಕೆ ಎರಡು ಲಾಟು ಕೊಂಡಿದ್ದರೆ, ಗಟ್ಟಿ ಗೂಡಿನ ಲಾಟನ್ನು ಇಟ್ಟುಕೊಂಡು ಜಾಳು ಗೂಡಿನ ಲಾಟನ್ನು ಹಿಂದಿರುಗಿಸುವ ಹಾಗಿಲ್ಲ. ಮಾರುಕಟ್ಟೆಯಲ್ಲಿ ಎರಡು ಲಾಟುಗಳು ಬೇರೆ ಬೇರೆಯಾಗಿ ಹರಾಜಾಗಿ ಬೇರೆ ಬೇರೆ ಚೀಟಿಯಾಗಿದ್ದರೆ ಅವು ಎರಡು ವ್ಯವಹಾರಗಳು, ಆಗ ಆರಿಸಿಕೊಳ್ಳಬಹುದು. ಇದರ ಮತ್ತೊಂದು ಮುಖವನ್ನು 228ನೆಯ ಕಲಂ ತೋರಿಸುತ್ತದೆ. ಅದರ ಉದಾಹರಣೆಯಲ್ಲಿ 500 ಕುರಿ ಕೊಳ್ಳಲು ಕಳುಹಿಸಿದವನು 500 ಕುರಿಯ ಜೊತೆಗೆ 200 ಮರಿಗಳನ್ನೂ ಸೇರಿಸಿ ಒಟ್ಟು 6,000 ರೂ.ಗೆ ಕೊಂಡು ತರುತ್ತಾನೆ. ಬೆಲೆಯನ್ನು ಬಿಡಿಸಿ ನೋಡಲು ಬಾರದಿರುವುದರಿಂದ ಯಜಮಾನನು ಇಡೀ ಖರೀದಿಯನ್ನು ತಳ್ಳಿಹಾಕಬಹುದು.

## ಸ್ವಂತ ಹೆಸರಿನ ಖರೀದಿ

ಅನುಸಮರ್ಥನೆಗೆ ಒಂದು ಮೂಲಭೂತ ಷರತ್ತಿದೆ: ಕಾರ್ಯವು ಯಜಮಾನನ ಪರವಾಗಿಯೇ ನಡೆದಿರಬೇಕು ಮತ್ತು ಹಾಗೆಂದು ಹೊರಗೆ ಕಾಣಬೇಕು. ಶಿಡ್ಲಘಟ್ಟದ ಇನ್ನೊಬ್ಬ ಪರವಾನಗಿದಾರ ರೀಲರನಿಗೆ ನಮ್ಮ ರೀಲರನು, 500 ರೂ. ಒಳಗೆ ಸಿಕ್ಕರೆ ತನಗೂ ಒಂದು ಲಾಟು ಹಿಡಿಯಲು ಹೇಳಿರುತ್ತಾನೆ ಎನ್ನೋಣ. ಅವನು ಮನಸ್ಸಿನಲ್ಲಿ ಗೆಳೆಯನನ್ನು ಇಟ್ಟುಕೊಂಡು, ಆದರೆ ತನ್ನದೇ ಹೆಸರಿನಲ್ಲಿ 540 ರೂ.ಗೆ ಬಿಡ್ ಮಾಡುತ್ತಾನೆ. ಮರುದಿನ ಗೆಳೆಯನು 'ಆಗಲಿ, ನಾನು ತೆಗೆದುಕೊಳ್ಳುತ್ತೇನೆ' ಎನ್ನುತ್ತಾನೆ, ಆಮೇಲೆ ಬೆಲೆ ಕುಸಿದಾಗ ಕೈಯೆತ್ತುತ್ತಾನೆ. ರೈತನು ಗೆಳೆಯನನ್ನು ಹಿಡಿಯಬಹುದೇ?

ಹೆಚ್ಚು ಕಡಿಮೆ ಇವೇ ಸಂಗತಿಗಳು ಕೀಲಿ, ಮ್ಯಾಕ್ಸ್‌ಟೆಡ್ ಅಂಡ್ ಕಂಪನಿ ವಿರುದ್ಧ ಡ್ಯುರಾಂಟ್ (1901) ಮೊಕದ್ದಮೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿದ್ದವು. ಅಲ್ಲಿ ಮಾಲು ಗೋಧಿ. ಕೊಟ್ಟ ಬೆಲೆಯ ಮಿತಿಯನ್ನು ಮೀರಿ ಏಜೆಂಟನು ತನ್ನ ಹೆಸರಿನಲ್ಲೇ ಕೊಂಡ, ಯಜಮಾನರು ಮರುದಿನ ಒಪ್ಪಿದರು, ಕೊನೆಗೆ ಮಾಲು ಎತ್ತಲಿಲ್ಲ. ಬಹಿರಂಗಪಡಿಸದ ಯಜಮಾನನು ಇಂಥ ಕರಾರನ್ನು ಅನುಸಮರ್ಥಿಸಲಾರ, ಆದ್ದರಿಂದ ಅವನು ಹೊಣೆಗಾರನೂ ಅಲ್ಲ ಎಂದು ತೀರ್ಪಾಯಿತು. ಮನಸ್ಸಿನೊಳಗೆ ಉಳಿದ ಉದ್ದೇಶದಿಂದ ಕರಾರುಗಳು ಹುಟ್ಟುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ನಮ್ಮ ರೈತನಿಗೆ ಉಳಿಯುವವನು ಬಿಡ್ ಮಾಡಿದ ರೀಲರ್ ಒಬ್ಬನೇ. ಅದೇ ಬಿಡ್ 500 ರೂ. ಒಳಗಿದ್ದಿದ್ದರೆ ಉತ್ತರ ತಲೆಕೆಳಗಾಗುತ್ತಿತ್ತು: ಆಗ ಕಾರ್ಯವು ನಿಜವಾದ ಅಧಿಕಾರದೊಳಗೆ ಬರುವುದರಿಂದ, ಹೆಸರು ಹೇಳದಿದ್ದರೂ ಹಿಂದಿನ ಯಜಮಾನನನ್ನು ರೈತನು ಹೊಣೆ ಮಾಡಬಹುದಿತ್ತು.

## ಒಪ್ಪಿದರೂ ಊರ್ಜಿತವಾಗದ ಕಾರ್ಯಗಳು

ಖೋಟಾ ಸಹಿಯನ್ನು ಅನುಸಮರ್ಥಿಸಲಾಗದು. ಸಹಿ ಖೋಟಾ ಮಾಡುವವನು ಯಾರ ಪರವಾಗಿಯೂ ವರ್ತಿಸುತ್ತಿಲ್ಲ, ತಾನೇ ಆ ವ್ಯಕ್ತಿಯೆಂಬಂತೆ ನಟಿಸುತ್ತಿದ್ದಾನೆ. ಕಾನೂನು ನಿಷೇಧಿಸಿದ ವ್ಯವಹಾರಕ್ಕೂ ಇದೇ ಮಾತು. ನಿಯಂತ್ರಣ ಕಾಯ್ದೆಗೆ ವಿರುದ್ಧವಾಗಿ ಮಾರುಕಟ್ಟೆಯ ಹೊರಗೆ ನಡೆದ ಗೂಡಿನ ಖರೀದಿಯನ್ನು ರೀಲರನು ಎಷ್ಟು ಮನಸಾರೆ ಒಪ್ಪಿದರೂ ಅದು ಸಕ್ರಮವಾಗುವುದಿಲ್ಲ. ಅಪ್ರಾಪ್ತನಿದ್ದಾಗ ಅವನ ಹೆಸರಿನಲ್ಲಿ ಆದ ಕರಾರನ್ನು ಅವನು ಹದಿನೆಂಟು ತುಂಬಿದ ಮೇಲೆ ಒಪ್ಪಿ ಜೀವ ತುಂಬಲಾಗದು. ಮೋಹೋರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್ (1903) ತೀರ್ಪಿನಂತೆ ಅಪ್ರಾಪ್ತನ ಕರಾರು ಆರಂಭದಿಂದಲೇ ಶೂನ್ಯ, ಶೂನ್ಯವನ್ನು ಒಪ್ಪುವುದರಲ್ಲಿ ಅರ್ಥವಿಲ್ಲ.

200ನೆಯ ಕಲಂ ಮೂರನೆಯವರನ್ನು ಕಾಯುತ್ತದೆ. ಗೌರಿಬಿದನೂರಿನಲ್ಲಿ ವಾಸಿಸುವ ಮಾಲೀಕನೊಬ್ಬನ ಗೋದಾಮು ಚಿಂತಾಮಣಿಯಲ್ಲಿದ್ದು, ಮೂರು ತಿಂಗಳ ನೋಟಿಸಿನ ಷರತ್ತಿನ ಮೇಲೆ ಬಾಡಿಗೆಗೆ ಕೊಡಲಾಗಿದೆ ಎಂದುಕೊಳ್ಳೋಣ. ಮಾಲೀಕನ ತಮ್ಮನು ಯಾವ ಅಧಿಕಾರವೂ ಇಲ್ಲದೆ ಜನವರಿ 1ರಂದು ಬಾಡಿಗೆದಾರನಿಗೆ ನೋಟಿಸು ಕೊಡುತ್ತಾನೆ. ಮಾರ್ಚ್ ಕೊನೆಯಲ್ಲಿ ಅಣ್ಣನು 'ಅದು ನನ್ನದೇ ನೋಟಿಸು' ಎಂದು ಒಪ್ಪಿ ಏಪ್ರಿಲ್ ಆರಂಭದಲ್ಲಿ ಗೋದಾಮು ಖಾಲಿ ಮಾಡಿಸಲಾರ. ನೋಟಿಸು ಬಂದ ದಿನ ಅದು ನಂಬತಕ್ಕದ್ದೋ ಅಲ್ಲವೋ ಎಂಬುದು ಬಾಡಿಗೆದಾರನಿಗೆ ತಿಳಿಯಬೇಕು, ಹಿಂದಿನ ದಿನಾಂಕಕ್ಕೆ ಹೋಗುವ ಒಪ್ಪಿಗೆಯಿಂದ ಅವನ ಹಕ್ಕು ಕಳೆಯಬಾರದು. ಅಣ್ಣನು ತಾನೇ ಹೊಸ ನೋಟಿಸು ಕೊಡಬೇಕು, ಮೂರು ತಿಂಗಳು ಅಂದಿನಿಂದ ಎಣಿಕೆಯಾಗುತ್ತವೆ.

ಅಧಿಕಾರಪತ್ರದ ಮೂಲಕ ನಡೆಯುವ ಜಮೀನು ವ್ಯವಹಾರಗಳಲ್ಲಿ, ಬೆಂಗಳೂರಿಗೆ ಹತ್ತಿರವಿರುವ ಚಿಕ್ಕಬಳ್ಳಾಪುರದಂಥ ಕಡೆ ಹೆಚ್ಚಾಗಿ ಕಾಣುವ ಗೊಂದಲವೆಂದರೆ ನೋಡಿಕೊಳ್ಳುವ ಅಧಿಕಾರವನ್ನು ಮಾರುವ ಅಧಿಕಾರವೆಂದು ಓದುವುದು. ನ್ಯಾಯಾಲಯಗಳು ಅಧಿಕಾರಪತ್ರವನ್ನು ಬಿಗಿಯಾಗಿ ಅರ್ಥೈಸುತ್ತವೆ. ಜಮೀನನ್ನು ನೋಡಿಕೊಳ್ಳಲು, ಕಂದಾಯ ಕಟ್ಟಲು, ಕಚೇರಿಗಳಲ್ಲಿ ಹಾಜರಾಗಲು ಕೊಟ್ಟ ಪತ್ರದಲ್ಲಿ ಮಾರಾಟದ ಮಾತು ಸ್ಪಷ್ಟವಾಗಿ ಇಲ್ಲದಿದ್ದರೆ ಅದರ ಬಲದಿಂದ ಮಾರಲಾಗದು. ಮಾಲೀಕನ ಪರವಾಗಿ ದಸ್ತಾವೇಜನ್ನು ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸುವ ಅಧಿಕಾರಕ್ಕೆ ನೋಂದಣಿ ಅಧಿನಿಯಮ, 1908ರ 32 ಮತ್ತು 33ನೆಯ ಕಲಂಗಳು ಪ್ರತ್ಯೇಕ ಷರತ್ತುಗಳನ್ನು ವಿಧಿಸಿವೆ. ಗೂಡಿನ ಮಾರುಕಟ್ಟೆಯಲ್ಲಿ ಬಾಯಿಮಾತಿಗಿರುವ ಬೆಲೆ ಅಲ್ಲಿ ಇಲ್ಲ.